ವೀಡಿಯೊ ಕರೆಯಲ್ಲಿ ಕಾಣುವವನು ನಮ್ಮ ಮಗನೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನಾವು ಪೆರ್ಲದ ಹತ್ತಿರದವರು. ಮನೆಯಲ್ಲಿ ನಾನೂ ನಮ್ಮ ಯಜಮಾನರೂ ಇಬ್ಬರೇ ಇರುವುದು, ಮಗ ಶಾರ್ಜಾದಲ್ಲಿ ಕೆಲಸದಲ್ಲಿದ್ದಾನೆ. ಈಗ ಮನೆಯವರದೇ ಮುಖ, ಧ್ವನಿ ನಕಲು ಮಾಡಿ ವೀಡಿಯೊ ಕರೆಯಲ್ಲಿ ಹಣ ಕೇಳುತ್ತಾರಂತೆ. ಮುಖವನ್ನು ಬದಿಗೆ ತಿರುಗಿಸಲು ಹೇಳಿದರೆ ನಕಲಾದರೆ ಗೊತ್ತಾಗುತ್ತದೆ ಎಂದು ಮೊಮ್ಮಗಳು ಹೇಳುತ್ತಾಳೆ. ಅಷ್ಟು ಮಾಡಿದರೆ ಸಾಕೇ?

ಉತ್ತರ: ಸಾಲದು. ನಿಮ್ಮ ಮೊಮ್ಮಗಳು ಹೇಳಿದ ಪರೀಕ್ಷೆ ತಪ್ಪಲ್ಲ, ಆದರೆ ಅದು ಒಂದೇ ಕಡೆಗೆ ನಂಬಿಕೆಗೆ ಯೋಗ್ಯವಾದದ್ದು. ಮುಖ ತಿರುಗಿಸಿದಾಗ ಚಿತ್ರ ಒಡೆದುಹೋದರೆ, ಅಥವಾ ತಿರುಗಿಸಲು ಆತ ಒಪ್ಪದಿದ್ದರೆ, ನೀವು ಎಚ್ಚರಗೊಳ್ಳಲು ಕಾರಣವಿದೆ. ತಿರುಗಿಸಿದ ಮುಖ ಸರಿಯಾಗಿಯೇ ಕಂಡಿತು ಎಂಬುದರಿಂದ ಮಾತ್ರ ಅವನು ನಿಮ್ಮ ಮಗನೆಂದು ಸಿದ್ಧವಾಗುವುದಿಲ್ಲ. ಹಣದ ಮಾತು ಬಂದ ಕೂಡಲೇ ಆ ಕರೆಯನ್ನು ಮುಗಿಸಿ, ನಿಮ್ಮ ಬಳಿ ಮೊದಲೇ ಇರುವ ಮಗನ ನಂಬರಿಗೆ ನೀವಾಗಿಯೇ ಕರೆ ಮಾಡುವುದೊಂದೇ ನಾನು ಪೂರ್ತಿ ಭರವಸೆಯಿಂದ ಹೇಳಬಲ್ಲ ಪರೀಕ್ಷೆ. ಹೀಗೇಕೆ, ನಿಮ್ಮ ಮನೆಯ ಸ್ಥಿತಿಯಲ್ಲಿ ಇದನ್ನು ಮಾಡುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮದೇ ರಾಜ್ಯದ ಒಂದು ಪ್ರಕರಣ ಎಲ್ಲರಿಗೂ ತಿಳಿದಿರಬೇಕಾದದ್ದು. 2023ರ ಜುಲೈಯಲ್ಲಿ ಕೋಝಿಕ್ಕೋಡಿನ ನಿವೃತ್ತ ಉದ್ಯೋಗಿಯೊಬ್ಬರಿಗೆ ತಮ್ಮ ಹಳೆಯ ಸಹೋದ್ಯೋಗಿಯ ಹೆಸರಿನಲ್ಲಿ ವಾಟ್ಸಾಪ್ ಕರೆ ಬಂತು. ತಾನು ದುಬೈಯಲ್ಲಿದ್ದೇನೆ, ಮುಂಬೈಯಲ್ಲಿ ಬಂಧುವೊಬ್ಬರಿಗೆ ತುರ್ತು ಶಸ್ತ್ರಚಿಕಿತ್ಸೆ ಆಗಬೇಕು, 40,000 ರೂಪಾಯಿ ಬೇಕು ಎಂದು ಆತ ಹೇಳಿದ. ಇವರಿಗೆ ಸಂಶಯ ಬಾರದಿರಲೆಂದು ವೀಡಿಯೊ ಕರೆಯನ್ನೂ ಮಾಡಿದ. ಪರದೆಯಲ್ಲಿ ಸಹೋದ್ಯೋಗಿಯ ಮುಖವೇ ಕಂಡಿತು, ಆದರೆ ಆ ಕರೆ ಅರ್ಧ ನಿಮಿಷವೂ ನಡೆಯಲಿಲ್ಲ. ಹಣ ಹೋದ ಮೇಲೆ ಇನ್ನಷ್ಟು ಬೇಕೆಂಬ ಕೋರಿಕೆ ಬಂದಾಗ ಇವರಿಗೆ ಸಂಶಯ ಮೂಡಿತು. ತಮ್ಮಲ್ಲಿದ್ದ ಹಳೆಯ ನಂಬರಿಗೆ ಕರೆ ಮಾಡಿದಾಗ ನಿಜವಾದ ಸಹೋದ್ಯೋಗಿಗೆ ಇದಾವುದೂ ತಿಳಿದಿಲ್ಲವೆಂದು ಗೊತ್ತಾಯಿತು. ತಡಮಾಡದೆ ದೂರು ಕೊಟ್ಟಿದ್ದರಿಂದ ಪೊಲೀಸರು ಆ ಹಣವನ್ನು ಬ್ಯಾಂಕ್ ಖಾತೆಯಲ್ಲಿಯೇ ತಡೆಹಿಡಿಯಲು ಸಾಧ್ಯವಾಯಿತು. ಇಲ್ಲಿ ಮೋಸವನ್ನು ಬಯಲು ಮಾಡಿದ್ದು ಹಳೆಯ ನಂಬರಿಗೆ ಹೋದ ಒಂದು ಸಾಮಾನ್ಯ ಕರೆ. ಅದೇ ಕರೆ ಹಣ ಕಳಿಸುವ ಮೊದಲು ಹೋಗಿದ್ದರೆ 40,000 ರೂಪಾಯಿ ಅವರ ಖಾತೆಯಿಂದ ಹೊರಡುತ್ತಲೇ ಇರಲಿಲ್ಲ.

ಈಗ ಮುಖದ ವಿಷಯಕ್ಕೆ ಬರೋಣ. ಇಂಥ ಕರೆಗಳಲ್ಲಿ ಎರಡು ಬಗೆಯ ನಕಲು ಬಳಕೆಯಲ್ಲಿವೆ, ಮತ್ತು ಅವೆರಡೂ ಬೇರೆ ಬೇರೆ ರೀತಿಯಲ್ಲಿ ಸಿಕ್ಕಿಬೀಳುತ್ತವೆ. ಮೊದಲನೆಯದು ಮೊದಲೇ ಸಿದ್ಧಪಡಿಸಿದ ಚಿಕ್ಕ ವೀಡಿಯೊ. ಮಗನ ಯಾವುದೋ ಹಳೆಯ ವೀಡಿಯೊವನ್ನೋ ಫೋಟೊವನ್ನೋ ತೆಗೆದುಕೊಂಡು, ತುಟಿಗಳು ಬೇಕಾದ ಮಾತಿಗೆ ಹೊಂದಿ ಅಲುಗಾಡುವಂತೆ ಮಾಡಿ, ಕ್ಯಾಮೆರಾದಿಂದ ಬರುವ ಚಿತ್ರದ ಬದಲಿಗೆ ಅದನ್ನೇ ಕರೆಯಲ್ಲಿ ಓಡಿಸುತ್ತಾರೆ. ಇದು ಕೆಲವು ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ, ನೀವು ಕೇಳಿದ ಪ್ರಶ್ನೆಗೆ ಉತ್ತರಿಸಲಾರದು, ಹಾಗಾಗಿ 'ನೆಟ್‌ವರ್ಕ್ ಇಲ್ಲ, ಮೆಸೇಜ್ ಮಾಡುತ್ತೇನೆ' ಎಂದು ಕರೆ ಕಡಿಯುತ್ತದೆ. ಎದ್ದು ನಿಲ್ಲು, ಫೋನನ್ನು ಬೇರೆ ಕೈಗೆ ತೆಗೆದುಕೋ ಎಂದು ನೀವು ಏನನ್ನು ಹೇಳಿದರೂ ಅದು ಮಾಡಲಾರದು. ನಿಮ್ಮ ಮೊಮ್ಮಗಳ ಪರೀಕ್ಷೆ ಇಂಥ ನಕಲಿಗೆ ಚೆನ್ನಾಗಿಯೇ ಸಾಕಾಗುತ್ತದೆ.

ಎರಡನೆಯದು ನೇರ ಕರೆಯಲ್ಲಿಯೇ ನಡೆಯುವ ಮುಖದ ಬದಲಾವಣೆ, ಮತ್ತು ಕಷ್ಟವಿರುವುದು ಇದರಲ್ಲಿ. ಕ್ಯಾಮೆರಾದ ಮುಂದೆ ಒಬ್ಬ ನಿಜವಾದ ಮನುಷ್ಯ, ಅಂದರೆ ಮೋಸಗಾರನೇ, ಕುಳಿತಿರುತ್ತಾನೆ. ಅವನ ಕಣ್ಣು, ಮೂಗು, ತುಟಿಯ ಅಂಚು, ಗಲ್ಲದ ಗೆರೆ ಎಲ್ಲೆಲ್ಲಿವೆ ಎಂದು ತಂತ್ರಾಂಶವು ಪ್ರತಿ ಚಿತ್ರದಲ್ಲಿಯೂ ಗುರುತಿಸಿ, ಆ ಗುರುತುಗಳಿಗೆ ಸರಿಹೊಂದುವಂತೆ ನಿಮ್ಮ ಮಗನ ಮುಖವನ್ನು ಅದರ ಮೇಲೆ ಬರೆಯುತ್ತ ಹೋಗುತ್ತದೆ. ಇದಕ್ಕೆ ಮಗನ ನೂರಾರು ಚಿತ್ರಗಳು ಬೇಕೆಂಬ ಕಾಲ ಹೋಯಿತು, ಫೇಸ್‌ಬುಕ್ಕಿನಲ್ಲಿರುವ ಒಂದು ಸ್ಪಷ್ಟ ಫೋಟೊದಿಂದಲೇ ಕೆಲಸ ಮಾಡುವ ತಂತ್ರಾಂಶಗಳು ಈಗ ಇವೆ. ಮೋಸಗಾರ ನಕ್ಕರೆ ನಿಮ್ಮ ಮಗ ನಕ್ಕಂತೆ ಕಾಣುತ್ತದೆ. ನೀವು ಹೇಳಿದ್ದನ್ನು ಅವನು ಕೇಳುತ್ತಾನೆ, ಉತ್ತರಿಸುತ್ತಾನೆ, ನೀವು ಬೇಡಿದಂತೆ ಕೈಯನ್ನೂ ಎತ್ತುತ್ತಾನೆ.

ಬದಿಗೆ ತಿರುಗುವ ಪರೀಕ್ಷೆಗೆ ಆಧಾರ ಈ ಕ್ರಮದಲ್ಲಿಯೇ ಇದೆ. ಮುಖ ಪೂರ್ತಿ ಪಕ್ಕಕ್ಕೆ ತಿರುಗಿದಾಗ ತಂತ್ರಾಂಶ ಹಿಡಿದುಕೊಂಡಿರುವ ಗುರುತುಗಳಲ್ಲಿ ಅರ್ಧದಷ್ಟು ಮರೆಯಾಗುತ್ತವೆ, ಮಗನ ಮುಖದ ಪಕ್ಕನೋಟ ಫೋಟೊಗಳಲ್ಲಿ ಸಿಗುವುದೂ ಅಪರೂಪ. ಆಗ ಗಲ್ಲದ ಅಂಚು ನಡುಗುವುದು, ಮೂಗು ಚಪ್ಪಟೆಯಾಗುವುದು, ಒಂದು ಕ್ಷಣ ಬೇರೆಯವರ ಮುಖ ಇಣುಕುವುದು ನಡೆಯಬಹುದು. ಅಂಗೈಯನ್ನು ಮುಖದ ಮುಂದೆ ನಿಧಾನವಾಗಿ ಆಡಿಸಲು ಹೇಳಿದರೆ ಬೆರಳುಗಳ ಮೇಲೆಯೇ ಮೂಗು ಬಾಯಿಗಳು ಮೂಡುವುದು, ಬೆರಳುಗಳು ಕರಗಿದಂತಾಗುವುದು ಕೂಡ ಇದೇ ಕಾರಣದಿಂದ. ಇದಕ್ಕಿಂತ ತಾಯಿಗೆ ಹೆಚ್ಚು ಅನುಕೂಲವಾದ ಇನ್ನೊಂದು ನೋಟವಿದೆ. ಸಾಮಾನ್ಯವಾಗಿ ಈ ತಂತ್ರಾಂಶಗಳು ಬದಲಿಸುವುದು ಹುಬ್ಬಿನಿಂದ ಗಲ್ಲದವರೆಗಿನ ಭಾಗವನ್ನು ಮಾತ್ರ. ಕಿವಿ, ಕೂದಲು ಹುಟ್ಟುವ ಗೆರೆ, ಕುತ್ತಿಗೆ, ಹೆಗಲು, ಕೈ ಇವೆಲ್ಲ ಮೋಸಗಾರನವೇ. ಮಗನ ಕಿವಿ ಹೇಗಿದೆ, ಕೈಬೆರಳು ಹೇಗಿವೆ ಎಂದು ನಿಮಗೆ ಗೊತ್ತಿರುವಷ್ಟು ಯಾವ ಯಂತ್ರಕ್ಕೂ ಗೊತ್ತಿಲ್ಲ. ಕ್ಯಾಮೆರಾವನ್ನು ದೂರ ಹಿಡಿದು ಎದೆಯವರೆಗೆ ತೋರಿಸು ಎಂದು ಕೇಳಿ, ಮುಖವನ್ನು ಬಿಟ್ಟು ಉಳಿದದ್ದನ್ನು ನೋಡಿ.

ಇಷ್ಟೆಲ್ಲ ಹೇಳಿಯೂ ಇದನ್ನು ನಾನು ಸಾಕೆನ್ನದಿರಲು ಎರಡು ಕಾರಣಗಳಿವೆ. ಬೆರಳು ಅಡ್ಡ ಬಂದಾಗ, ಮುಖ ತಿರುಗಿದಾಗ ಆಗುವ ಈ ದೋಷಗಳನ್ನು ಸರಿಪಡಿಸುವ ಕೆಲಸ ನಿಂತಿಲ್ಲ. ಹಳೆಯ ತಂತ್ರಾಂಶದಲ್ಲಿ ಒಡೆಯುತ್ತಿದ್ದ ಚಿತ್ರ ಹೊಸದರಲ್ಲಿ ಒಡೆಯದೆ ಇರಬಹುದು, ಎದುರಿಗಿರುವವನು ಯಾವುದನ್ನು ಬಳಸುತ್ತಿದ್ದಾನೆಂದು ತಿಳಿಯಲು ನಿಮಗೆ ದಾರಿಯಿಲ್ಲ. ಇನ್ನೊಂದು ಕಾರಣವನ್ನು ಜನ ಅಷ್ಟಾಗಿ ಯೋಚಿಸುವುದಿಲ್ಲ. ನಿಮ್ಮ ಕಡೆಯ ಗುಡ್ಡದ ಮಗ್ಗುಲಿನ ಮನೆಗಳಲ್ಲಿ ನೆಟ್‌ವರ್ಕ್ ಹೇಗಿರುತ್ತದೆಂದು ನೀವೇ ಬಲ್ಲಿರಿ. ನಿಜವಾದ ಮಗನ ನಿಜವಾದ ಕರೆಯಲ್ಲಿಯೂ ಮುಖ ಚೌಕ ಚೌಕವಾಗಿ ಒಡೆಯುತ್ತದೆ, ತುಟಿಗೂ ಮಾತಿಗೂ ಹೊಂದದೆ ಹೋಗುತ್ತದೆ, ಬೆರಳು ಕಲಸಿಹೋಗುತ್ತದೆ. ಚಿತ್ರದ ದೋಷವನ್ನೇ ಅಳತೆಗೋಲು ಮಾಡಿಕೊಂಡರೆ, ನಿಜವಾಗಿ ಕಷ್ಟದಲ್ಲಿರುವ ಮಗನನ್ನೇ ಮೋಸಗಾರನೆಂದು ತಳ್ಳಿಬಿಡುವ ಅಪಾಯವೂ ಅಷ್ಟೇ ಇದೆ.

ಧ್ವನಿಯ ಮೇಲೆ ಇನ್ನೂ ಕಡಿಮೆ ಭರವಸೆ ಇಡಿ. ಮೂರು ಸೆಕೆಂಡುಗಳ ಧ್ವನಿಮುದ್ರಣದಿಂದ ಒಬ್ಬರ ಧ್ವನಿಯನ್ನು ನಕಲು ಮಾಡಬಹುದೆಂದು ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರು 2023ರ ಜನವರಿಯಲ್ಲಿಯೇ ತೋರಿಸಿದ್ದರು. ಮದುವೆಯ ವೀಡಿಯೊದಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ, ಊರಿನ ಉತ್ಸವದ ಯೂಟ್ಯೂಬ್ ಪ್ರಸಾರದಲ್ಲಿ ಮಗ ಆಡಿದ ನಾಲ್ಕು ಮಾತುಗಳೇ ಸಾಕಾಗುತ್ತವೆ. ಅಳುವ, ಏದುಸಿರು ಬಿಡುವ, ಪಿಸುಗುಟ್ಟುವ ಧ್ವನಿಯಲ್ಲಿ ಕರೆ ಬಂದರೆ ಇನ್ನಷ್ಟು ಜಾಗ್ರತೆ ಬೇಕು, ಏಕೆಂದರೆ ನಕಲಿನ ಕೊರತೆಗಳು ಅಂಥ ಧ್ವನಿಯಲ್ಲಿ ಅಡಗಿಹೋಗುತ್ತವೆ ಮತ್ತು ಕೇಳುವವರ ಮನಸ್ಸೂ ಆಗ ಕದಡಿರುತ್ತದೆ.

ಆದರೂ ನಮ್ಮ ಕಾಸರಗೋಡಿನ ಮನೆಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಯಂತ್ರವು ಧ್ವನಿಯ ಬಣ್ಣವನ್ನು ಬದಲಿಸುತ್ತದೆ, ಮಾತನ್ನು ಆಡಬೇಕಾದವನು ಮೋಸಗಾರನೇ. ನಿಮ್ಮ ಮನೆಯಲ್ಲಿ ಹವ್ಯಕ ಕನ್ನಡವನ್ನೋ, ತುಳುವನ್ನೋ, ಕರಾಡವನ್ನೋ ಆಡುತ್ತಿದ್ದರೆ ಕರೆ ಬಂದಾಗ ಅದನ್ನು ಬಿಟ್ಟು ಬೇರೆಯದಕ್ಕೆ ಹೋಗಬೇಡಿ. 'ಎಂತಾತು ಮಗಾ?' ಎಂದು ಮನೆಮಾತಿನಲ್ಲಿ ಕೇಳಿದ್ದಕ್ಕೆ ಪುಸ್ತಕದ ಕನ್ನಡದಲ್ಲಿಯೋ ಮಲಯಾಳದಲ್ಲಿಯೋ ಹಿಂದಿಯಲ್ಲಿಯೋ ಉತ್ತರ ಬಂದರೆ, 'ಪಕ್ಕದಲ್ಲಿ ಪೊಲೀಸರಿದ್ದಾರೆ, ಅವರಿಗೆ ತಿಳಿಯುವ ಭಾಷೆಯಲ್ಲಿಯೇ ಮಾತಾಡಬೇಕು' ಎಂಬಂಥ ನೆಪ ಬಂದರೆ, ಮುಂದಿನ ಮಾತಿಗೇ ಹೋಗಬೇಕಾಗಿಲ್ಲ. ಹಾಗೆಂದು ಮನೆಮಾತಿನಲ್ಲಿ ಸರಾಗವಾಗಿ ಉತ್ತರ ಬಂದರೆ ಮಗನೇ ಎಂದು ತೀರ್ಮಾನಿಸಲೂ ಆಗದು. ಮೋಸದ ಜಾಲಗಳಲ್ಲಿ ಆಯಾ ಊರಿನವರೂ ಇರಬಹುದು.

ಮುಖ, ಧ್ವನಿ, ಭಾಷೆ ಈ ಮೂರೂ ಮೋಸಗಾರ ನಿಮ್ಮ ಮುಂದೆ ಇಡುವ ವಸ್ತುಗಳು. ಅವುಗಳನ್ನು ಎಷ್ಟು ಚೆನ್ನಾಗಿ ಸಿದ್ಧಪಡಿಸಬೇಕೆಂಬುದು ಅವನ ಕೈಯಲ್ಲಿದೆ. ಅವನ ಕೈಯಲ್ಲಿ ಇಲ್ಲದಿರುವುದು ನೀವಾಗಿ ಮಾಡುವ ಕರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು. ನಿಮ್ಮ ಫೋನಿನಲ್ಲಿ ವರ್ಷಗಳಿಂದ ಇರುವ, ಅಥವಾ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿರುವ ಮಗನ ನಂಬರನ್ನು ಒತ್ತಿದಾಗ ರಿಂಗಾಗುವುದು ಮಗನ ಜೇಬಿನಲ್ಲಿರುವ ಫೋನು. ಬೇರೆಯವರು ಅಲ್ಲಿ ಉತ್ತರಿಸಬೇಕಾದರೆ ಮಗನ ಸಿಮ್ಮನ್ನೇ ಕದ್ದಿರಬೇಕು, ಅವನ ಹೆಸರಿನಲ್ಲಿ ಇನ್ನೊಂದು ಸಿಮ್ ಪಡೆದಿರಬೇಕು ಅಥವಾ ಅವನಿಗೆ ಬರುವ ಕರೆಗಳನ್ನು ಬೇರೆ ನಂಬರಿಗೆ ತಿರುಗಿಸಿಕೊಂಡಿರಬೇಕು. ಅದು ಅಸಾಧ್ಯವಲ್ಲ, ಆದರೆ ಫೋಟೊ ಒಂದರಿಂದ ಮುಖ ಬದಲಿಸುವುದಕ್ಕಿಂತ ಎಷ್ಟೋ ಕಷ್ಟದ ಕೆಲಸ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ವಾಪಸ್ ಮಾಡುವ ಕರೆ ಸಾಧಾರಣ ಫೋನ್ ಕರೆಯಾಗಿರಬೇಕು, ವಾಟ್ಸಾಪ್ ಕರೆಯಾಗಿರಬಾರದು. ವಾಟ್ಸಾಪಿನಲ್ಲಿ ಮಗನ ಹೆಸರು, ಮಗನ ಫೋಟೊ ಕಂಡುಬಂತು ಎಂಬುದಕ್ಕೆ ಬೆಲೆಯಿಲ್ಲ. ಹೊಸ ನಂಬರಿಗೆ ಅವನ ಫೋಟೊ ಹಾಕುವುದು ಯಾರಿಗೂ ಸಾಧ್ಯ. ಹಳೆಯ ನಂಬರಿನಿಂದಲೇ ಬಂದಿದ್ದರೂ ಅವನ ವಾಟ್ಸಾಪ್ ಖಾತೆಯೇ ಬೇರೆಯವರ ವಶವಾಗಿರಬಹುದು. ಆರು ಅಂಕೆಗಳ ಸಂಕೇತವನ್ನು ಯಾವುದೋ ನೆಪದಲ್ಲಿ ಕೇಳಿ ಪಡೆದು ಖಾತೆಯನ್ನು ಕಸಿದುಕೊಳ್ಳುವುದು ಬಹಳ ಹಳೆಯ ಉಪಾಯ. ಅಂಥ ಹೊತ್ತಿನಲ್ಲಿ ನೀವು ವಾಟ್ಸಾಪಿನಲ್ಲಿಯೇ ತಿರುಗಿ ಕರೆದರೆ ಎತ್ತುವವನು ಆ ಮೋಸಗಾರನೇ. ಸಾಧಾರಣ ಫೋನ್ ಕರೆಯಾದರೆ ಸಿಮ್ ಇರುವಲ್ಲಿಗೆ ಹೋಗುತ್ತದೆ.

ಕೊಲ್ಲಿಯಲ್ಲಿ ಮಕ್ಕಳಿರುವ ಮನೆಗಳಿಗೆ ಇನ್ನೊಂದು ಸುಳಿವಿದೆ. ಶಾರ್ಜಾ, ದುಬೈ, ಅಬುಧಾಬಿ ಸೇರಿದ ಯುಎಇಯಲ್ಲಿ ವಾಟ್ಸಾಪಿನ ಸಂದೇಶ ಹೋಗುತ್ತದೆ, ಆದರೆ ಅದರ ಧ್ವನಿ ಕರೆಗೂ ವೀಡಿಯೊ ಕರೆಗೂ ನಿರ್ಬಂಧವಿದೆ. ಅದಕ್ಕಾಗಿಯೇ ಅಲ್ಲಿರುವ ನಮ್ಮವರು ಮನೆಗೆ ಕರೆ ಮಾಡಲು ಬೋಟಿಮ್ ಮುಂತಾದ ಆ್ಯಪ್‌ಗಳನ್ನು ಬಳಸುವುದು. ಯಾವಾಗಲೂ ಬೋಟಿಮ್‌ನಲ್ಲಿ ಮಾತಾಡುವ ಮಗ ಒಂದು ದಿನ ಹಠಾತ್ತಾಗಿ ವಾಟ್ಸಾಪ್ ವೀಡಿಯೊ ಕರೆಯಲ್ಲಿ ಕಾಣಿಸಿಕೊಂಡು, ತಾನು ಶಾರ್ಜಾದಲ್ಲಿಯೇ ಇದ್ದೇನೆಂದರೆ, ಅದು ಹೇಗೆ ಸಾಧ್ಯವಾಯಿತೆಂದು ಕೇಳಬೇಕು. ಕೆಲವರು ಇಂಥ ನಿರ್ಬಂಧವನ್ನು ದಾಟಿಸುವ ವಿಪಿಎನ್ ಎಂಬ ತಂತ್ರಾಂಶ ಹಾಕಿಕೊಂಡು ವಾಟ್ಸಾಪ್ ಕರೆ ಮಾಡುವುದುಂಟು, ಆದುದರಿಂದ ಇದೊಂದರಿಂದಲೇ ಕರೆ ಸುಳ್ಳೆಂದು ಹೇಳಲಾಗದು. ಮಗ ಎಂದೂ ಬಳಸದ ದಾರಿಯಿಂದ ಬಂದಿದ್ದಾನೆ ಎಂಬುದಷ್ಟು ನಿಮ್ಮ ಗಮನದಲ್ಲಿರಲಿ.

ನಿಮ್ಮ ಮನೆಯಲ್ಲಿ ಇದು ಹೇಗೆ ನಡೆಯಬಹುದೆಂದು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಬೆಳಿಗ್ಗೆ ಹನ್ನೊಂದು ಗಂಟೆ, ಅಲ್ಲಿ ಒಂಬತ್ತೂವರೆ, ಮಗ ಕೆಲಸದಲ್ಲಿರುವ ಹೊತ್ತು. ಗುರುತಿಲ್ಲದ ನಂಬರಿನಿಂದ ವೀಡಿಯೊ ಕರೆ ಬರುತ್ತದೆ. ಪರದೆಯಲ್ಲಿ ಮಗ. 'ಅಮ್ಮ, ಕಾರು ಒಬ್ಬರಿಗೆ ತಾಗಿತು, ಠಾಣೆಯಲ್ಲಿದ್ದೇನೆ. ನನ್ನ ಫೋನು ಇಲ್ಲಿ ತೆಗೆದಿಟ್ಟುಕೊಂಡಿದ್ದಾರೆ, ಇದು ವಕೀಲರ ಫೋನು. ಈಗಲೇ 85,000 ಕಟ್ಟಿದರೆ ಬಿಡುತ್ತಾರೆ. ಅಪ್ಪನಿಗೆ ಹೇಳಬೇಡ, ಗಾಬರಿಯಾಗುತ್ತಾರೆ.' ಇಪ್ಪತ್ತು ಸೆಕೆಂಡಿಗೆ ವೀಡಿಯೊ ನಿಲ್ಲುತ್ತದೆ, ಒಂದು ಖಾತೆಯ ವಿವರ ಸಂದೇಶದಲ್ಲಿ ಬರುತ್ತದೆ. ಈ ಮಾತುಗಳಲ್ಲಿ ಒಂದೂ ಸುಮ್ಮನೆ ಆಡಿದ್ದಲ್ಲ. ಫೋನು ಇಲ್ಲವೆಂದದ್ದು ನೀವು ಅವನ ನಂಬರಿಗೆ ಕರೆಯದಿರಲೆಂದು, ಅಪ್ಪನಿಗೆ ಹೇಳಬೇಡವೆಂದದ್ದು ಮನೆಯಲ್ಲಿ ಇನ್ನೊಂದು ತಲೆ ಯೋಚಿಸದಿರಲೆಂದು, ಈಗಲೇ ಎಂದದ್ದು ಪರೀಕ್ಷಿಸಲು ಸಮಯ ಸಿಗದಿರಲೆಂದು. ಕೆಲಸದ ಹೊತ್ತನ್ನು ಆರಿಸಿಕೊಂಡದ್ದು ಕೂಡ ಮಗ ಒಂದೆರಡು ರಿಂಗಿಗೆ ಫೋನು ಎತ್ತದಿರುವ ಸಂಭವ ಇರುವುದರಿಂದ.

ಆಗ ನೀವು ವಾದಿಸಬೇಕಾಗಿಲ್ಲ, ಸಂಶಯವನ್ನು ತೋರಿಸಬೇಕಾಗಿಯೂ ಇಲ್ಲ. 'ಆಯಿತು ಮಗಾ, ಐದು ನಿಮಿಷದಲ್ಲಿ ನಾನೇ ಫೋನ್ ಮಾಡುತ್ತೇನೆ' ಎಂದು ಹೇಳಿ ಕರೆ ಮುಗಿಸಿ. ಆಮೇಲೆ ಯಜಮಾನರನ್ನು ಕರೆಯಿರಿ. 'ಫೋನು ನನ್ನ ಬಳಿ ಇಲ್ಲ' ಎಂದು ಅವನು ಹೇಳಿದ್ದರೂ ಮಗನ ನಿಜವಾದ ನಂಬರಿಗೇ ಕರೆ ಮಾಡಿ. ಹೆಚ್ಚಿನ ಸಂದರ್ಭಗಳಲ್ಲಿ ಅವನು ಕೆಲಸದ ಸ್ಥಳದಿಂದ 'ಎಂತ ಅಮ್ಮ, ಈ ಹೊತ್ತಿಗೆ?' ಎಂದು ಎತ್ತುತ್ತಾನೆ, ವಿಷಯ ಅಲ್ಲಿಗೆ ಮುಗಿಯುತ್ತದೆ.

ಊರಿನಲ್ಲಿರುವ ಹಿರಿಯರು ಎಡವುವುದು ಇದೇ ಹಂತದಲ್ಲಿ. ನಿಮ್ಮ ಪ್ರೀಪೇಯ್ಡ್ ಸಿಮ್ಮಿನಲ್ಲಿ ವಿದೇಶಕ್ಕೆ ಕರೆ ಮಾಡುವ ಸೌಲಭ್ಯವಾಗಲಿ ಅದಕ್ಕೆ ಬೇಕಾದ ಬ್ಯಾಲೆನ್ಸ್ ಆಗಲಿ ಇರದಿದ್ದರೆ ಕರೆ ಹೋಗುವುದೇ ಇಲ್ಲ. ಊರಿನೊಳಗೆ ಎಷ್ಟು ಕರೆಯನ್ನಾದರೂ ಮಾಡಲು ಬಿಡುವ ತಿಂಗಳ ಪ್ಯಾಕು ವಿದೇಶದ ಕರೆಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆದ್ದರಿಂದ ಈ ವಾರವೇ ಪೇಟೆಗೆ ಹೋದಾಗ ರೀಚಾರ್ಜ್ ಅಂಗಡಿಯಲ್ಲಿ ಯುಎಇಗೆ ಕರೆ ಹೋಗುವಂತೆ ಮಾಡಿಸಿಕೊಳ್ಳಿ, ಮನೆಗೆ ಬಂದು ಮಗನಿಗೆ ಒಮ್ಮೆ ಕರೆ ಮಾಡಿ ನೋಡಿ. ನಂಬರನ್ನು +971 ಸಮೇತ ಪೂರ್ತಿಯಾಗಿ ಉಳಿಸಿಕೊಂಡಿದ್ದೀರಾ ಎಂಬುದೂ ಆಗ ತಿಳಿಯುತ್ತದೆ, ಏಕೆಂದರೆ ವರ್ಷಗಟ್ಟಲೆ ಆ್ಯಪಿನಲ್ಲಿಯೇ ಮಾತಾಡಿದವರ ಫೋನಿನಲ್ಲಿ ನಂಬರು ಸರಿಯಾಗಿ ಇಲ್ಲದಿರುವುದು ಅಪರೂಪವಲ್ಲ.

ಮಗ ಎತ್ತದಿದ್ದರೆ ಏನು ಮಾಡಬೇಕು? ಅದಕ್ಕೂ ಮೊದಲೇ ಸಿದ್ಧತೆ ಬೇಕು. ಅವನ ಜೊತೆ ಕೋಣೆಯಲ್ಲಿರುವ ಒಬ್ಬರ ನಂಬರು, ಅವನ ಕಚೇರಿಯ ನಂಬರು, ಅಲ್ಲಿಯೇ ಇರುವ ಒಬ್ಬ ಬಂಧುವಿನ ನಂಬರು, ಈ ಮೂರನ್ನು ಕಾಗದದಲ್ಲಿ ಬರೆದಿಡಿ. ಮಗನ ಹತ್ತಿರಕ್ಕೆ ಹೋಗಿ ಅವನನ್ನು ಕಣ್ಣಾರೆ ನೋಡಬಲ್ಲವರ ಮಾತೇ ಇಲ್ಲಿ ಮುಖ್ಯ. ಇವರ ನಂಬರುಗಳನ್ನು ಆ ಅಪರಿಚಿತ ಕರೆ ಮಾಡಿದವನಿಂದ ಎಂದೂ ಪಡೆಯಬಾರದು. ಅವನು ಕೊಡುವ 'ಠಾಣೆಯ ನಂಬರು', 'ಆಸ್ಪತ್ರೆಯ ನಂಬರು' ಅವನದೇ ಗೆಳೆಯನದಾಗಿರುತ್ತದೆ. ಯಾರೂ ಸಿಗದಿದ್ದರೆ ಕೇರಳ ಸರ್ಕಾರದ ನೋರ್ಕಾ ರೂಟ್ಸ್ ಸಂಸ್ಥೆಯ ಸಹಾಯವಾಣಿ 1800 425 3939ಕ್ಕೆ ಕರೆ ಮಾಡಬಹುದು. ಹೊರದೇಶದಲ್ಲಿರುವ ನಮ್ಮವರ ಕಷ್ಟಗಳಿಗಾಗಿಯೇ ಇರುವ ಸಂಸ್ಥೆ ಅದು, ಮಗ ನಿಜವಾಗಿಯೇ ಠಾಣೆಯಲ್ಲಿದ್ದರೂ ನಿಮಗೆ ಮೊದಲು ಬೇಕಾಗುವುದು ಅಂಥವರ ನೆರವೇ.

ಇನ್ನು ಮನೆಯೊಳಗಿನ ಗುಟ್ಟಿನ ಪ್ರಶ್ನೆ. ಕರೆ ಕಡಿಯಲು ಮನಸ್ಸು ಬಾರದ ಹೊತ್ತಿನಲ್ಲಿ ಇದು ಕೈಹಿಡಿಯುತ್ತದೆ. 2024ರ ಜುಲೈಯಲ್ಲಿ ಇಟಲಿಯ ಫೆರಾರಿ ಕಂಪನಿಯ ಅಧಿಕಾರಿಯೊಬ್ಬರಿಗೆ ಅವರ ಮುಖ್ಯಸ್ಥರ ಧ್ವನಿಯಲ್ಲಿಯೇ ಕರೆ ಬಂದಾಗ, 'ಕೆಲವು ದಿನಗಳ ಹಿಂದೆ ನೀವು ನನಗೆ ಓದಲು ಹೇಳಿದ ಪುಸ್ತಕ ಯಾವುದು?' ಎಂದು ಅವರು ಕೇಳಿದರು, ಕರೆ ಅಲ್ಲಿಗೇ ಕಡಿದುಹೋಯಿತು. ಆ ಪ್ರಶ್ನೆ ಫಲಿಸಿದ್ದು ಅದರ ಉತ್ತರ ಇಬ್ಬರ ನಡುವೆ ಮಾತ್ರ ಇದ್ದುದರಿಂದ. ನೀವು ಪ್ರಶ್ನೆ ಆರಿಸುವಾಗಲೂ ಇದೇ ಅಳತೆ ಇರಲಿ. ಹುಟ್ಟಿದ ದಿನ, ಓದಿದ ಶಾಲೆ, ಮನೆದೇವರು, ಅಜ್ಜನ ಹೆಸರು, ನಾಯಿಯ ಹೆಸರು ಇವೆಲ್ಲ ಫೇಸ್‌ಬುಕ್ಕಿನಲ್ಲಿಯೋ ಮದುವೆಯ ಆಮಂತ್ರಣದಲ್ಲಿಯೋ ಸಿಗುತ್ತವೆ. ಕಳೆದ ವಾರ ವಾಟ್ಸಾಪಿನಲ್ಲಿ ಬರೆದುಕೊಂಡ ವಿಷಯವೂ ಬೇಡ, ಖಾತೆಗೆ ಇನ್ನೊಂದು ಸಾಧನವನ್ನು ಜೋಡಿಸಿಕೊಂಡವನಿಗೆ ಹಳೆಯ ಸಂದೇಶಗಳೂ ಓದಲು ಸಿಗಬಹುದು. ಮಗನ ವಾಟ್ಸಾಪಿನಲ್ಲಿ Linked devices ಎಂಬಲ್ಲಿ ಅವನದಲ್ಲದ ಸಾಧನ ಏನಾದರೂ ಕಾಣುತ್ತದೆಯೇ ಎಂದು ಒಮ್ಮೆ ನೋಡಲು, Two-step verification ಹಾಕಿಕೊಳ್ಳಲು ಅವನಿಗೆ ಹೇಳಿ.

ಮಗ ರಜೆಯಲ್ಲಿ ಬಂದಾಗ ಎದುರಿಗೆ ಕುಳಿತು ಒಂದು ಪ್ರಶ್ನೆಯನ್ನೂ ಅದರ ಉತ್ತರವನ್ನೂ ಗೊತ್ತುಮಾಡಿಕೊಳ್ಳಿ. ಬರೇ ಒಂದು ಗುಟ್ಟಿನ ಪದಕ್ಕಿಂತ ಪ್ರಶ್ನೆ ಹಿರಿಯರಿಗೆ ನೆನಪಿಡಲು ಸುಲಭವೆಂದು ನನ್ನ ಅಭಿಪ್ರಾಯ. ತೋಟದ ಮೇಲಿನ ಬದಿಯ ಪಂಪು ಮೊದಲ ಸಲ ಕೆಟ್ಟಾಗ ಯಾರು ಸರಿಮಾಡಿದ್ದು, ಚಿಕ್ಕವನಿದ್ದಾಗ ಅವನು ಅಡಗಿಕೊಳ್ಳುತ್ತಿದ್ದದ್ದು ಎಲ್ಲಿ, ಇಂಥದ್ದು ಯಾವುದಾದರೂ ಆಗಬಹುದು. ಇದನ್ನು ಎಲ್ಲಿಯೂ ಟೈಪ್ ಮಾಡಬೇಡಿ, ಫೋನಿನಲ್ಲಿಯೂ ಸುಮ್ಮಸುಮ್ಮನೆ ಆಡಬೇಡಿ, ಒಮ್ಮೆ ನಿಜವಾದ ಸಂದರ್ಭದಲ್ಲಿ ಬಳಸಿದರೆ ಆಮೇಲೆ ಬದಲಿಸಿ. ಮೊದಲೇ ಗೊತ್ತುಮಾಡಿಕೊಂಡಿರದಿದ್ದರೆ, ನಡೆಯದೇ ಇದ್ದ ಸಂಗತಿಯೊಂದನ್ನು ನಡೆದಂತೆ ಕೇಳಿ ನೋಡಿ: 'ಮೊನ್ನೆ ಮಾವನ ಕೈಯಲ್ಲಿ ಕಳಿಸಿದ ಹಲಸಿನ ಹಪ್ಪಳ ಸಿಕ್ಕಿತಾ?' ಹಪ್ಪಳವನ್ನೇ ಕಳಿಸಿಲ್ಲವಾದರೆ ನಿಜವಾದ ಮಗ 'ಯಾವ ಹಪ್ಪಳ?' ಎನ್ನುತ್ತಾನೆ. ಮೋಸಗಾರ ಹೆಚ್ಚಾಗಿ ಹೂಂಗುಟ್ಟಿ, ಮತ್ತೆ ಹಣದ ಮಾತಿಗೆ ಬರುತ್ತಾನೆ. ಪ್ರಶ್ನೆಗೆ ಉತ್ತರ ಬಾರದೆ ಸಿಟ್ಟು ಬಂದರೆ, 'ಈ ಹೊತ್ತಿನಲ್ಲಿ ಪರೀಕ್ಷೆ ಮಾಡುತ್ತೀಯಾ ಅಮ್ಮ?' ಎಂದು ಅತ್ತರೆ ಸೋಲಬೇಡಿ. ಇಂಥ ಪ್ರಶ್ನೆ ಬರುತ್ತದೆ ಎಂದು ಮಗನಿಗೆ ಮೊದಲೇ ಹೇಳಿಟ್ಟಿದ್ದರೆ ನಿಜವಾದ ಮಗ ಬೇಸರಿಸುವುದಿಲ್ಲ, ಆದ್ದರಿಂದ ಇದನ್ನು ಅವನೊಂದಿಗೆ ಮಾತಾಡಿಕೊಂಡಿರುವುದೇ ಅರ್ಧ ಕೆಲಸ.

ಹಣ ಹೋಗುವ ಖಾತೆಯನ್ನೂ ನೋಡಿ. ಮಗನಿಗೆ ಹಣ ಬೇಕಾಗಿದ್ದರೆ, ನೀವು ಈ ಹಿಂದೆ ಕಳಿಸಿದ ಅವನದೇ ಖಾತೆಗೆ ಕಳಿಸುವುದಕ್ಕೆ ಅಡ್ಡಿಯೇನು? ಯುಪಿಐಯಲ್ಲಿ ಹಣ ಹೋಗುವ ಮೊದಲು ಪಡೆಯುವವರ ಹೆಸರು ಪರದೆಯಲ್ಲಿ ಬರುತ್ತದೆ. ಅಲ್ಲಿ ಹಿಂದೆಂದೂ ಕೇಳದ, ಬೇರೆ ರಾಜ್ಯದ ಯಾರದೋ ಹೆಸರು ಕಂಡರೆ ನಿಲ್ಲಿಸಿ. ಬಾಡಿಗೆಗೆ ಪಡೆದ ಬೇರೆಯವರ ಖಾತೆಗಳಿಗೆ ಹಣ ತರಿಸಿಕೊಂಡು, ಅಲ್ಲಿಂದ ನಿಮಿಷಗಳಲ್ಲಿ ಇನ್ನೆಲ್ಲಿಗೋ ಸಾಗಿಸುವುದೇ ಈ ದಂಧೆಯ ಕ್ರಮ.

ಹಾಗೆ ಸಾಗಿಸುವುದರಿಂದಲೇ, ಹಣ ಹೋಗಿಬಿಟ್ಟಿದೆ ಎಂದು ತಿಳಿದ ಮೇಲೆ ಮೊದಲ ಕೆಲಸ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡುವುದು. ಠಾಣೆಗೆ ಹೋಗುವುದು, ಬಂಧುಗಳೊಂದಿಗೆ ಚರ್ಚಿಸುವುದು ಎಲ್ಲ ಆಮೇಲೆ. ಆ ಸಹಾಯವಾಣಿಯಿಂದ ಮಾಹಿತಿ ಬ್ಯಾಂಕುಗಳಿಗೆ ಹೋಗಿ, ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ಉಳಿದಿದ್ದರೆ ಅದನ್ನು ಅಲ್ಲಿಯೇ ತಡೆಯುತ್ತಾರೆ. ಖಾತೆಯಿಂದ ಹೊರಬಿದ್ದು ನಗದಾಗಿ ಹೋದ ಮೇಲೆ ತಡೆಯಲು ಏನೂ ಉಳಿದಿರುವುದಿಲ್ಲ. ಕರೆ ಮಾಡುವಾಗ ನಿಮ್ಮ ಬ್ಯಾಂಕಿನ ಹೆಸರು, ಖಾತೆಯ ನಂಬರು, ಹಣ ಹೋದ ಹೊತ್ತು, ಎಷ್ಟು ಎಂಬುದು, ವ್ಯವಹಾರದ ಯುಟಿಆರ್ ಸಂಖ್ಯೆ ಎದುರಿಗಿರಲಿ. ಈ ಸಂಖ್ಯೆ ಬ್ಯಾಂಕಿನ ಸಂದೇಶದಲ್ಲಿಯೋ ಯುಪಿಐ ಆ್ಯಪಿನಲ್ಲಿಯೋ ಸಿಗುತ್ತದೆ. ಗಡಿಯ ಊರುಗಳಲ್ಲಿ ಹಲವರ ಸಿಮ್ ಕರ್ನಾಟಕದ್ದು, ಬ್ಯಾಂಕ್ ಖಾತೆ ಮಂಗಳೂರಿನದ್ದು, ವಾಸ ಕೇರಳದಲ್ಲಿ. ಅಂಥವರು ಮಾತಿನ ಆರಂಭದಲ್ಲಿಯೇ ವಾಸದ ಜಿಲ್ಲೆ ಕಾಸರಗೋಡು ಎಂದು ಹೇಳಿದರೆ ಗೊಂದಲ ಕಡಿಮೆಯಾಗುತ್ತದೆ. ಅದೇ ದಿನ cybercrime.gov.in ನಲ್ಲಿ ಲಿಖಿತ ದೂರು ದಾಖಲಿಸಿ, ಅಥವಾ ಕಾಸರಗೋಡಿನ ಸೈಬರ್ ಪೊಲೀಸ್ ಠಾಣೆಗೆ ಹೋಗಿ ಕೊಡಿ. ವಾಟ್ಸಾಪಿನ ಆ ಕರೆ, ಸಂದೇಶ ಯಾವುದನ್ನೂ ಅಳಿಸಬೇಡಿ, ಆ ನಂಬರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಹಣ ಹೋಗದೆ ಬರೇ ಕರೆ ಬಂದಿದ್ದರೂ sancharsaathi.gov.in ನಲ್ಲಿ ಚಕ್ಷು ಎಂಬ ವಿಭಾಗದಲ್ಲಿ ಆ ನಂಬರನ್ನು ವರದಿ ಮಾಡಬಹುದು. ಮಗನ ಮುಖವನ್ನು ಬಳಸಿ ನಿಮಗೆ ಕರೆ ಮಾಡಿದವರು ಅದೇ ಮುಖವನ್ನು ಇಟ್ಟುಕೊಂಡು ನಿಮ್ಮ ಇತರ ಬಂಧುಗಳಿಗೂ ಕರೆ ಮಾಡಬಹುದು, ಆದ್ದರಿಂದ ದೂರು ಕೊಟ್ಟ ಕೂಡಲೇ ಮಗನಿಗೂ ಅತ್ತೆ, ಮಾವ, ಚಿಕ್ಕಮ್ಮಂದಿರ ಮನೆಗಳಿಗೂ ಫೋನ್ ಮಾಡಿ ತಿಳಿಸಿ.